ರಿಟಚಿಂಗ್‌ನಿಂದ ಕಾಂಪೋಸಿಟಿಂಗ್‌ಗೆ: ಸಿನಿಮಾ ಸ್ಟುಡಿಯೋಗೆ ಕವರ್ ಲೆಟರ್ ಬರೆಯೋದು ಹೇಗೆ

ಮದುವೆ ಆಲ್ಬಮ್, ಒಡವೆ ಜಾಹೀರಾತು, ಸಿನಿಮಾ ಪೋಸ್ಟರ್ ಇಂಥವುಗಳಲ್ಲಿ ರಿಟಚಿಂಗ್ ಮಾಡಿ ಕೈ ಪಳಗಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರಲ್ಲಿ ಕೆಲವರಿಗೆ ಸಿನಿಮಾ ಪೋಸ್ಟ್ ಪ್ರೊಡಕ್ಷನ್ ಸ್ಟುಡಿಯೋ ಸೇರುವ ಆಸೆ. ಆದರೆ ಕಳಿಸುವ ಪತ್ರ ನೋಡಿದರೆ "ಫೋಟೋಶಾಪ್‌ನಲ್ಲಿ ಪರಿಣತಿ, ಕಷ್ಟಪಟ್ಟು ದುಡಿಯುತ್ತೇನೆ, ಸಿನಿಮಾ ಅಂದರೆ ಪ್ರಾಣ" ಅಂತ ಇರುತ್ತದೆ. ಅದನ್ನು ಓದುವ ವಿಎಫ್‌ಎಕ್ಸ್ ಸೂಪರ್‌ವೈಸರ್‌ಗೆ ಇರುವುದು ಒಂದೇ ಅನುಮಾನ. ಇವರು ಒಂದು ಫ್ರೇಮ್ ಚೆನ್ನಾಗಿ ಮಾಡುತ್ತಾರೆ, ಸರಿ. ಮುಂದಿನ ಫ್ರೇಮ್‌ನಲ್ಲೂ ಆ ಕೆಲಸ ಹಾಗೇ ನಿಲ್ಲುತ್ತಾ?

ನಿಮ್ಮ ಪತ್ರ ಉತ್ತರಿಸಬೇಕಾದದ್ದು ಈ ಪ್ರಶ್ನೆಗೆ. ಫೋಟೋದಲ್ಲಿ ಹೀಲಿಂಗ್ ಬ್ರಷ್ ಹಾಕಿ ಮೊಡವೆ ತೆಗೆದರೆ ಕೆಲಸ ಮುಗಿಯಿತು. ಸಿನಿಮಾದಲ್ಲಿ ಅದೇ ಕೆಲಸವನ್ನು ಪ್ರತಿ ಫ್ರೇಮ್‌ಗೂ ಬೇರೆ ಬೇರೆಯಾಗಿ ಮಾಡಿದರೆ ಪ್ಲೇ ಮಾಡಿದಾಗ ಚರ್ಮ ಬುಳುಬುಳು ಅಂತ ಅಲುಗಾಡುತ್ತದೆ. ಸ್ಟುಡಿಯೋದವರು ಇದಕ್ಕೆ ಬಾಯ್ಲ್ ಅಂತಾರೆ, ಚ್ಯಾಟರ್ ಅಂತಲೂ ಅಂತಾರೆ. ರಿಟಚಿಂಗ್‌ನಿಂದ ಬಂದವರ ಮೊದಲ ಶಾಟ್‌ನಲ್ಲಿ ಅವರು ಹುಡುಕುವುದೂ ಇದನ್ನೇ. ಹಾಗಾಗಿ ಪತ್ರದಲ್ಲಿ ನಿಮ್ಮ ಗುಣಗಾನ ಬೇಡ. ಒಂದು ಶಾಟ್‌ನ ಕಥೆ ಹೇಳಿ. ಇದಕ್ಕೆ ಫೇಸ್ ರಿಪ್ಲೇಸ್‌ಮೆಂಟ್, ಅಂದರೆ ಒಬ್ಬರ ಮುಖದ ಜಾಗಕ್ಕೆ ಇನ್ನೊಬ್ಬರ ಮುಖ ಕೂರಿಸುವ ಶಾಟ್‌ಗಿಂತ ಒಳ್ಳೆಯದು ಇಲ್ಲ, ಯಾಕಂದರೆ ಚರ್ಮದ ಬಣ್ಣ, ಬೆಳಕಿನ ದಿಕ್ಕು, ಅಂಚು ಬೆರೆಸುವುದು ಎಲ್ಲವೂ ಅದರಲ್ಲಿ ಬರುತ್ತದೆ, ಮತ್ತು ಅಷ್ಟೂ ನಿಮಗೆ ಆಗಲೇ ಗೊತ್ತಿರುವ ವಿದ್ಯೆ. ಹೊಸದು ಅಂದರೆ ಚಲನೆ ಒಂದೇ.

ಮೊದಲು ಯಾವ ಕೆಲಸಕ್ಕೆ ಅಂತ ಗೊತ್ತು ಮಾಡಿಕೊಳ್ಳಿ

ಜಾಹೀರಾತಿನಲ್ಲಿ ರೋಟೋ ಅಂತ ಇದ್ದರೆ ಅದು ಆಕಾರ ಕತ್ತರಿಸುವ ಕೆಲಸ. ಪೇಂಟ್ ಅಥವಾ ಪ್ರೆಪ್ ಅಂತ ಇದ್ದರೆ ವೈರ್, ಮೈಕು, ಗುರುತು ಅಳಿಸುವ ಕೆಲಸ. ಕಾಂಪ್ ಅಂದರೆ ಎಲ್ಲವನ್ನೂ ಸೇರಿಸಿ ಕೊನೆಯ ಚಿತ್ರ ಮಾಡುವುದು. ರಿಟಚರ್‌ಗೆ ಸಲೀಸಾದ ಬಾಗಿಲು ಪೇಂಟ್, ಇಲ್ಲವೇ ಬ್ಯೂಟಿ ವರ್ಕ್. ಬ್ಯೂಟಿ ವರ್ಕ್ ಅಂದರೆ ನಟರ ಕಣ್ಣಿನ ಕೆಳಗಿನ ಕಪ್ಪು, ವಿಗ್ಗಿನ ಅಂಚು ಇಂಥದ್ದನ್ನು ಶಾಟ್‌ನಲ್ಲಿ ಸರಿ ಮಾಡುವುದು. ನೇರವಾಗಿ ಜೂನಿಯರ್ ಕಾಂಪೋಸಿಟರ್‌ಗೂ ಅರ್ಜಿ ಹಾಕಬಹುದು, ಆದರೆ ಆಗ ಶಾಟ್ ತೋರಿಸಲೇಬೇಕು. "ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ" ಅಂತ ಮಾತ್ರ ಬರೆಯಬೇಡಿ. ಅದನ್ನು ಓದಿದವರಿಗೆ ನಿಮ್ಮನ್ನು ಯಾವ ಡಿಪಾರ್ಟ್‌ಮೆಂಟಿಗೆ ಕಳಿಸಬೇಕು ಅನ್ನೋದೇ ತಿಳಿಯುವುದಿಲ್ಲ.

ಫೇಸ್ ರಿಪ್ಲೇಸ್‌ಮೆಂಟ್‌ನಲ್ಲೂ ಬಗೆಗಳಿವೆ. 2016ರ ಕನ್ನಡದ 'ನಾಗರಹಾವು' ಚಿತ್ರದಲ್ಲಿ ತೀರಿಹೋದ ವಿಷ್ಣುವರ್ಧನ್ ಅವರನ್ನು ಮತ್ತೆ ತೆರೆಗೆ ತಂದದ್ದು ದೊಡ್ಡ ತಂಡದ ಕೆಲಸ. ಆ ಮಟ್ಟದ್ದು ಒಬ್ಬರು ಮನೆಯಲ್ಲಿ ಕೂತು ಮಾಡುವಂಥದ್ದಲ್ಲ, ನೀವು ಹಾಗೆ ಬರೆದರೂ ಯಾರೂ ನಂಬುವುದಿಲ್ಲ. ಸ್ಟಂಟ್ ಡಬಲ್ ಮುಖದ ಮೇಲೆ ನಟರ ಮುಖ ಕೂರಿಸುವುದು ಬೇರೆ. 1993ರ 'ಜುರಾಸಿಕ್ ಪಾರ್ಕ್'ನಲ್ಲೇ ಹಾಗೆ ಮಾಡಿದ್ದರು: ಡಬಲ್ ಕ್ಯಾಮೆರಾ ಕಡೆ ತಲೆ ಎತ್ತಿದ ಕಾರಣ ಆಕೆಯ ಮುಖದ ಜಾಗಕ್ಕೆ ಬಾಲನಟಿಯ ಮುಖ ಕೂರಿಸಿದರು. ನೀವು ಹಿಡಿಯಬೇಕಾದದ್ದು ಈ ಬಗೆಯನ್ನು. ಕೆಲವು ಸೆಕೆಂಡು, ಮಾತಿಲ್ಲದ ಮುಖ, ಸ್ವಲ್ಪ ತಿರುಗುವ ತಲೆ.

ಪತ್ರಕ್ಕೆ ಮುಂಚೆ ಒಂದು ಶಾಟ್

ಶಾಟ್ ಇಲ್ಲದೆ ಪತ್ರ ಬರೆಯೋದು ಸುಮ್ನೆ ಟೈಮ್ ವೇಸ್ಟ್. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಗೆಳೆಯ ಮನೆ ಮೆಟ್ಟಿಲು ಇಳಿದು ಬರುತ್ತಾನೆ, ಕೊನೆಯಲ್ಲಿ ಸ್ವಲ್ಪ ಎಡಕ್ಕೆ ತಿರುಗುತ್ತಾನೆ. ಸೆಕೆಂಡಿಗೆ 24 ಫ್ರೇಮ್, ನಾಲ್ಕು ಸೆಕೆಂಡು, ಒಟ್ಟು 96 ಫ್ರೇಮ್. ಇದು ಪ್ಲೇಟ್. ಇವನ ಮುಖದ ಜಾಗಕ್ಕೆ ಇನ್ನೊಬ್ಬ ಗೆಳೆಯನ ಮುಖ ಬರಬೇಕು. ಇಬ್ಬರದೂ ಒಪ್ಪಿಗೆ ಕೇಳಿ, ವಾಟ್ಸಾಪ್‌ನಲ್ಲಾದರೂ ಬರೆಸಿಟ್ಟುಕೊಳ್ಳಿ. ಪತ್ರದಲ್ಲಿ ಅದನ್ನು ಒಂದು ಸಾಲಿನಲ್ಲಿ ಹೇಳುವುದಿದೆ.

ಎರಡನೇ ಗೆಳೆಯನನ್ನು ಅದೇ ಮೆಟ್ಟಿಲ ಹತ್ತಿರ, ಪ್ಲೇಟ್ ಮುಗಿದ ತಕ್ಷಣ, ಅದೇ ಲೆನ್ಸ್, ಅದೇ ದೂರ, ಅದೇ ಎತ್ತರದಿಂದ ಶೂಟ್ ಮಾಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಅನ್ನೋದು ಎಲ್ಲಕ್ಕಿಂತ ಮುಖ್ಯ. ಬಣ್ಣ ಹೊಂದದಿದ್ದರೆ ಗ್ರೇಡ್ ಮಾಡಬಹುದು, ಆದರೆ ಮೂಗಿನ ನೆರಳು ಬಲಗೆನ್ನೆ ಮೇಲೆ ಬಿದ್ದಿದ್ದರೆ ಅದನ್ನು ಎಡಕ್ಕೆ ತರಲು ಯಾವ ಗ್ರೇಡ್‌ನಿಂದಲೂ ಆಗುವುದಿಲ್ಲ. ಡಾಡ್ಜ್ ಅಂಡ್ ಬರ್ನ್ ಮಾಡಿ ಮರೆಸೋಣ ಅನ್ನಿಸುತ್ತದೆ, ಒಂದು ಫೋಟೋದಲ್ಲಿ ಆಗುತ್ತದೆ ಕೂಡ. 96 ಫ್ರೇಮ್‌ನಲ್ಲಿ ಆ ನೆರಳು ಮುಖದ ಜೊತೆ ತಿರುಗಬೇಕಲ್ಲ, ಅಲ್ಲಿ ಸಿಕ್ಕಿಬೀಳುತ್ತೀರಿ.

ಎರಡನೇ ಗೆಳೆಯನ ಟೇಕ್ ಸ್ವಲ್ಪ ಉದ್ದವಾಗಿ ತೆಗೆಯಿರಿ. ಕಣ್ಣು ಮಿಟುಕಿಸುವ ಜಾಗ ಆರಿಸಿಕೊಳ್ಳಲು ಬೇಕಾಗುತ್ತದೆ. ಶಟರ್ ಎರಡಕ್ಕೂ 1/48, ಅದು ಸಿಗದಿದ್ದರೆ 1/50.

ಸಾಫ್ಟ್‌ವೇರ್ ನ್ಯೂಕ್ ಆದರೆ ಒಳ್ಳೆಯದು, ದೊಡ್ಡ ಸ್ಟುಡಿಯೋಗಳಲ್ಲಿ ಕಾಂಪ್ ನಡೆಯುವುದು ಬಹುತೇಕ ಅದರಲ್ಲೇ. ಕಲಿಯುವವರಿಗೆ ಅದರ ನಾನ್ ಕಮರ್ಷಿಯಲ್ ಆವೃತ್ತಿ ಉಚಿತವಾಗಿ ಸಿಗುತ್ತದೆ. ಔಟ್‌ಪುಟ್ 1920x1080ಕ್ಕಿಂತ ದೊಡ್ಡದು ಬರುವುದಿಲ್ಲ, ಫೈಲ್ `.nknc` ಅಂತ ಸೇವ್ ಆಗುತ್ತದೆ, ದುಡ್ಡಿನ ಕೆಲಸಕ್ಕೆ ಬಳಸುವಂತಿಲ್ಲ. ಒಂದು ಶಾಟ್ ತೋರಿಸಲು ಅಷ್ಟು ಸಾಕೋ ಸಾಕು.

ಶಾಟ್‌ನಲ್ಲಿ ಎಲ್ಲಿ ಕಷ್ಟ ಆಯಿತು ಅಂತ ಬರೆದಿಡಿ

ಕೆಲಸ ಮಾಡುವಾಗಲೇ ಟಿಪ್ಪಣಿ ಮಾಡಿಕೊಳ್ಳಿ. ಪತ್ರದ ಜೀವ ಇರೋದು ಅದರಲ್ಲೇ. ಮೇಲಿನ ಶಾಟ್‌ನಲ್ಲಿ ಏನೇನು ಎದುರಾಗುತ್ತದೆ ನೋಡಿ.

ಟ್ರ್ಯಾಕಿಂಗ್‌ಗೆ, ಅಂದರೆ ಮುಖದ ಚಲನೆಯನ್ನು ಫ್ರೇಮ್‌ನಿಂದ ಫ್ರೇಮ್‌ಗೆ ಹಿಂಬಾಲಿಸಲು, ಕಣ್ಣಿನ ಒಳಮೂಲೆ, ಮೂಗಿನ ಮೇಲ್ಭಾಗದ ಎಲುಬು ಹಿಡಿಯಬೇಕು, ಏಕೆಂದರೆ ಅವು ತಲೆಬುರುಡೆಯ ಜೊತೆಗೇ ಚಲಿಸುತ್ತವೆ. ತುಟಿ, ಗಲ್ಲ ಹಿಡಿದರೆ ದವಡೆ ಆಡಿದಾಗೆಲ್ಲ ಇಡೀ ಮುಖ ಜಾರುತ್ತದೆ. ಇನ್ನೊಂದು, ಮುಖ ಚಪ್ಪಟೆ ಹಲಗೆ ಅಲ್ಲ. ತಲೆ ತಿರುಗಿದಾಗ ಮೂಗಿನ ತುದಿ ಜಾಸ್ತಿ ಸರಿಯುತ್ತದೆ, ಕಿವಿಯ ಹತ್ತಿರದ ಕೆನ್ನೆ ಕಡಿಮೆ. ಮೊದಲ 60 ಫ್ರೇಮ್‌ಗೆ ನಾಲ್ಕು ಬಿಂದುವಿನ 2ಡಿ ಟ್ರ್ಯಾಕ್ ಸಾಕಾಗಬಹುದು, ಆದರೆ ತಿರುಗುವ ಕಡೆ ಮೂಗು ಎಲ್ಲೋ ಕಣ್ಣು ಎಲ್ಲೋ ಆಗುತ್ತದೆ. ಆಗ ತಲೆಯ ಒಂದು ಸಾದಾ 3ಡಿ ಮಾಡೆಲ್ ಇಟ್ಟು, ಅದನ್ನು ಫ್ರೇಮ್‌ಗೆ ಹೊಂದಿಸಿ, ಮುಖವನ್ನು ಅದರ ಮೇಲೆ ಪ್ರೊಜೆಕ್ಟ್ ಮಾಡಬೇಕು. ಈ ಬದಲಾವಣೆ ಯಾವ ಫ್ರೇಮ್‌ನಿಂದ ಬೇಕಾಯಿತು ಅಂತ ನೀವು ಬರೆದರೆ, ಓದುವವರಿಗೆ ನೀವು ನಿಜಕ್ಕೂ ಮಾಡಿದ್ದೀರಿ ಅಂತ ಗೊತ್ತಾಗುತ್ತದೆ.

ಅಂಚು. ಮುಖವನ್ನು ದವಡೆಯ ಗೆರೆಗೆ ಸರಿಯಾಗಿ ಕತ್ತರಿಸಿ ಅಂಟಿಸಿದರೆ ಮುಖವಾಡದ ಥರ ಕಾಣುತ್ತದೆ. ಕೆನ್ನೆಯ ಮಧ್ಯದಲ್ಲಿ, ಹಣೆಯಲ್ಲಿ ಕೂದಲಿಗಿಂತ ಸ್ವಲ್ಪ ಕೆಳಗೆ ಮೃದುವಾದ ಮಾಸ್ಕ್ ಹಾಕಿ ಬೆರೆಸುವುದು ಸಲೀಸು. ಹಾಗೆ ಮಾಡಿದರೆ ಕೂದಲು, ಕಿವಿ, ಕುತ್ತಿಗೆ ಎಲ್ಲ ಮೊದಲ ಗೆಳೆಯನದ್ದೇ ಉಳಿಯುತ್ತವೆ. ಆದರೆ ಮೊದಲಿನವನ ದವಡೆ ಅಗಲ, ಎರಡನೆಯವನದು ಸಣ್ಣ ಅಂತಿದ್ದರೆ ಈ ಉಪಾಯ ನಡೆಯುವುದಿಲ್ಲ. ದವಡೆಯನ್ನೇ ಒಳಕ್ಕೆ ವಾರ್ಪ್ ಮಾಡಿ, ಅದು ಬಿಟ್ಟ ಜಾಗಕ್ಕೆ ಹಿಂದಿನ ಗೋಡೆಯನ್ನು ಪೇಂಟ್ ಮಾಡಿ ತುಂಬಬೇಕು. ರಿಟಚರ್‌ಗೆ ಇದು ನೀರು ಕುಡಿದಷ್ಟು ಸುಲಭ, ಒಂದು ಫ್ರೇಮ್‌ನಲ್ಲಿ. ಅದನ್ನೇ ನ್ಯೂಕ್‌ನ ಫ್ರೇಮ್‌ಹೋಲ್ಡ್ ಹಾಕಿ ಒಂದು ಫ್ರೇಮ್ ನಿಲ್ಲಿಸಿಕೊಂಡು, ಅದನ್ನು ಮಾತ್ರ ಶುದ್ಧ ಮಾಡಿ, ಆಮೇಲೆ ಗೋಡೆಯ ಟ್ರ್ಯಾಕ್‌ಗೆ ಕಟ್ಟಿದರೆ ಉಳಿದ ಫ್ರೇಮ್‌ಗಳಲ್ಲೂ ನಿಲ್ಲುತ್ತದೆ. ಬಾಯ್ಲ್ ಬರದ ಹಾಗೆ ಮಾಡುವ ದಾರಿ ಇದು. ಪತ್ರದಲ್ಲಿ ಈ ವಾಕ್ಯ ಇರಲೇಬೇಕು.

ಗ್ರೇನ್ ಬಗ್ಗೆ ಬಹಳ ಜನ ಮರೆಯುತ್ತಾರೆ. ಕ್ಯಾಮೆರಾದ ಚಿತ್ರದಲ್ಲಿ ಸಣ್ಣ ಕಾಳು ಕಾಳಾಗಿ ಗದ್ದಲ ಇರುತ್ತದೆ, ನೀಲಿ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಜಾಸ್ತಿ. ಅಂಟಿಸಿದ ಮುಖವನ್ನು ಸ್ವಲ್ಪ ಚಿಕ್ಕದು ಮಾಡಿದ್ದರೂ ಅದರ ಗ್ರೇನ್ ಕರಗಿಹೋಗುತ್ತದೆ. ಆಗ ಸುತ್ತಲಿನ ಚಿತ್ರ ಜೀವಂತ, ಮುಖ ಮಾತ್ರ ಪ್ಲಾಸ್ಟಿಕ್. ಹಾಗಾಗಿ ಮೊದಲು ಡಿನಾಯ್ಸ್ ಮಾಡಿ ಕೆಲಸ ಮುಗಿಸಿ, ಕೊನೆಯಲ್ಲಿ ಪ್ಲೇಟ್‌ನದೇ ಅಳತೆಯ ಗ್ರೇನ್ ವಾಪಸ್ ಹಾಕುತ್ತಾರೆ. ನಿಮ್ಮದು ಸರಿ ಇದೆಯಾ ಅಂತ ತಿಳಿಯಲು ವ್ಯೂವರ್‌ನಲ್ಲಿ ನೀಲಿ ಚಾನೆಲ್ ಒಂದನ್ನೇ ಇಟ್ಟು ಪ್ಲೇ ಮಾಡಿ. ಗಾಮಾವನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಎಳೆದು ನೋಡಿ. ಕಪ್ಪು ಭಾಗ ಹೊಂದದಿದ್ದರೆ ಮುಖದ ಆಕಾರ ಅಲ್ಲೇ ತೇಲಿಬರುತ್ತದೆ. ಸೂಪರ್‌ವೈಸರ್ ಕೂಡ ಇದನ್ನೇ ಮಾಡಿ ನೋಡುವುದು.

ಗೊತ್ತಿರುವ ವಿದ್ಯೆಯನ್ನು ಅವರ ಮಾತಿನಲ್ಲಿ ಹೇಳಿ

"ಫ್ರೀಕ್ವೆನ್ಸಿ ಸೆಪರೇಷನ್ ಬರುತ್ತದೆ" ಅಂತ ಬರೆದರೆ ಅರ್ಧ ಹೇಳಿದ ಹಾಗೆ. ಫೋಟೋಶಾಪ್‌ನ 8 ಬಿಟ್ ಚಿತ್ರದಲ್ಲಿ ಅದನ್ನು ಮಾಡುವಾಗ ಅಪ್ಲೈ ಇಮೇಜ್‌ನಲ್ಲಿ ಸಬ್‌ಟ್ರ್ಯಾಕ್ಟ್, ಸ್ಕೇಲ್ 2, ಆಫ್‌ಸೆಟ್ 128 ಅಂತ ಹಾಕುತ್ತೀರಲ್ಲ. ಆ 128 ಯಾಕೆ? ಅಲ್ಲಿ ಸೊನ್ನೆಗಿಂತ ಕಡಿಮೆ ಸಂಖ್ಯೆ ಇಡಲು ಜಾಗ ಇಲ್ಲ, ಅದಕ್ಕೆ ಮಧ್ಯದ ಬೂದು ಬಣ್ಣವನ್ನೇ ಸೊನ್ನೆ ಅಂತ ಇಟ್ಟುಕೊಳ್ಳುತ್ತೇವೆ. ನ್ಯೂಕ್‌ನಲ್ಲಿ ಲೆಕ್ಕ ಫ್ಲೋಟ್‌ನಲ್ಲಿ ನಡೆಯುತ್ತದೆ, ನೆಗೆಟಿವ್ ಸಂಖ್ಯೆ ಹಾಗೇ ಉಳಿಯುತ್ತದೆ. ಅಲ್ಲಿ ಮೂಲದಿಂದ ಬ್ಲರ್ ಆದದ್ದನ್ನು ಕಳೆದರೆ ವಿವರ ಬಂತು, ಬ್ಲರ್‌ನಲ್ಲಿ ಬಣ್ಣ ಸರಿ ಮಾಡಿ ವಿವರವನ್ನು ಮತ್ತೆ ಕೂಡಿಸಿದರೆ ಮುಗಿಯಿತು. ಇದನ್ನು ಎರಡು ಸಾಲಿನಲ್ಲಿ ಬರೆದ ರಿಟಚರ್, ಎರಡೂ ಕಡೆಯ ಲೆಕ್ಕ ಅರ್ಥ ಮಾಡಿಕೊಂಡವರು ಅಂತ ತಕ್ಷಣ ತಿಳಿಯುತ್ತದೆ. ಬೇರೆ ಸರ್ಟಿಫಿಕೇಟ್‌ಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಅದೇ ರೀತಿ ಪ್ರೀಮಲ್ಟಿಪ್ಲೈ, ಅಂದರೆ ಚಿತ್ರದ ಬಣ್ಣವನ್ನು ಅದರ ಮಾಸ್ಕ್‌ನಿಂದ ಗುಣಿಸಿಡುವುದು. ಕತ್ತರಿಸಿದ ಮುಖಕ್ಕೆ ಆ ಗುಣಾಕಾರ ಬಿಡಿಸದೆ, ಅಂದರೆ ಅನ್‌ಪ್ರೀಮಲ್ಟ್ ಮಾಡದೆ, ಗ್ರೇಡ್ ಹಾಕಿದರೆ ಅಂಚಿನಲ್ಲಿ ಕಪ್ಪು ಅಥವಾ ಬಿಳಿ ಗೆರೆ ಏಳುತ್ತದೆ. ಇದನ್ನು ಪತ್ರದಲ್ಲಿ ವಿವರಿಸಬೇಕಿಲ್ಲ. ಶಾಟ್‌ನಲ್ಲಿ ಆ ಗೆರೆ ಇರಬಾರದು, ಅಷ್ಟೆ.

ಈಗ ಪತ್ರ

ಬೆಂಗಳೂರು, ಹೈದರಾಬಾದ್, ಚೆನ್ನೈ ಯಾವ ಕಡೆಯ ಸ್ಟುಡಿಯೋ ಆದರೂ ಇಂಥ ಪತ್ರ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಹೋಗುತ್ತದೆ. ಆದರೂ ಮೊದಲು ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ ನೆಟ್‌ನಲ್ಲಿ ಸಿಗುವ ರೆಡಿಮೇಡ್ ವಾಕ್ಯಗಳು ತಾವಾಗಿಯೇ ಬಂದು ಕೂರುತ್ತವೆ. ಕನ್ನಡದಲ್ಲಿ ಆ ಕಾಟ ಕಡಿಮೆ, ಏನು ಮಾಡಿದಿರೋ ಅದನ್ನೇ ಬರೆಯುತ್ತೀರಿ. ಒಂದು ಪುಟ ದಾಟಬಾರದು. ಮೇಲಿನ ಶಾಟ್ ಇಟ್ಟುಕೊಂಡು ಬರೆದರೆ ಹೀಗೆ ಬರಬಹುದು:

> ನಮಸ್ಕಾರ,
>
> ನಿಮ್ಮ ಸ್ಟುಡಿಯೋದ ಜೂನಿಯರ್ ಕಾಂಪೋಸಿಟರ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಆರು ವರ್ಷದಿಂದ ಬೆಂಗಳೂರಿನಲ್ಲಿ ಒಡವೆ ಜಾಹೀರಾತು ಮತ್ತು ಪೋಸ್ಟರ್‌ಗಳ ರಿಟಚರ್ ಆಗಿದ್ದೇನೆ. ಕಳೆದ ಒಂದು ವರ್ಷದಿಂದ ನ್ಯೂಕ್‌ನಲ್ಲಿ ಕೆಲಸ ಕಲಿಯುತ್ತಿದ್ದೇನೆ. ಸಿನಿಮಾದಲ್ಲಿ ಇನ್ನೂ ಕೆಲಸ ಮಾಡಿಲ್ಲ. ಲಿಂಕ್‌ನಲ್ಲಿರುವ ಶಾಟ್‌ಗಳನ್ನು ನಾನೇ ಶೂಟ್ ಮಾಡಿ, ನಾನೊಬ್ಬನೇ ಮಾಡಿದ್ದೇನೆ.
>
> ಮೊದಲ ಶಾಟ್ ಫೇಸ್ ರಿಪ್ಲೇಸ್‌ಮೆಂಟ್, 96 ಫ್ರೇಮ್. ಮೆಟ್ಟಿಲು ಇಳಿಯುವವನ ಮುಖದ ಮೇಲೆ ಬೇರೆಯವನ ಮುಖ ಕೂರಿಸಿದ್ದೇನೆ. 60ನೇ ಫ್ರೇಮ್‌ವರೆಗೆ 2ಡಿ ಟ್ರ್ಯಾಕ್ ನಿಂತಿತು. ತಲೆ ತಿರುಗುವ ಕಡೆ ಮೂಗು ಜಾರಿದ್ದರಿಂದ ಅಲ್ಲಿಂದ ಮುಂದೆ ತಲೆಯ 3ಡಿ ಮಾಡೆಲ್ ಮೇಲೆ ಪ್ರೊಜೆಕ್ಟ್ ಮಾಡಿದೆ. ದವಡೆ ಒಳಕ್ಕೆ ತಂದಾಗ ಖಾಲಿಯಾದ ಗೋಡೆಯನ್ನು ಒಂದೇ ಫ್ರೇಮ್‌ನಲ್ಲಿ ಪೇಂಟ್ ಮಾಡಿ ಟ್ರ್ಯಾಕ್‌ಗೆ ಕಟ್ಟಿದ್ದೇನೆ, ಹಾಗಾಗಿ ಅಲ್ಲಿ ಬಾಯ್ಲ್ ಇಲ್ಲ. ಚರ್ಮದ ಬಣ್ಣವನ್ನು ಬ್ಲರ್ ಭಾಗದಲ್ಲಿ ಮಾತ್ರ ಹೊಂದಿಸಿ, ಕಳೆದಿಟ್ಟ ವಿವರವನ್ನು ಮತ್ತೆ ಕೂಡಿಸಿದ್ದೇನೆ. ಗ್ರೇನ್ ಕೊನೆಯಲ್ಲಿ ಪ್ಲೇಟ್‌ಗೆ ಹೊಂದಿಸಿದ್ದು. ಇಬ್ಬರ ಲಿಖಿತ ಒಪ್ಪಿಗೆ ನನ್ನ ಹತ್ತಿರ ಇದೆ.
>
> ಪೂರ್ತಿ ಪಕ್ಕಕ್ಕೆ ತಿರುಗುವ ಮುಖ ಮತ್ತು ಮಾತಾಡುವ ಮುಖ ನಾನಿನ್ನೂ ಮಾಡಿಲ್ಲ. ಪೇಂಟ್, ಕ್ಲೀನ್ ಪ್ಲೇಟ್, ಬ್ಯೂಟಿ ವರ್ಕ್ ಮೊದಲ ದಿನದಿಂದ ಮಾಡಬಲ್ಲೆ.
>
> ಲಿಂಕ್ ಮತ್ತು ಪಾಸ್‌ವರ್ಡ್ ಕೆಳಗಿದೆ. ಟೆಸ್ಟ್ ಶಾಟ್ ಕೊಟ್ಟರೆ ಮಾಡಿಕೊಡುತ್ತೇನೆ. ಈಗಿನ ಕೆಲಸದಲ್ಲಿ ಒಂದು ತಿಂಗಳ ನೋಟಿಸ್ ಇದೆ.

ಮೂರನೇ ಪ್ಯಾರಾ ಬಗ್ಗೆ ಒಂದು ಮಾತು. ಆಗದಿರುವುದನ್ನು ಯಾಕೆ ಬರೆಯಬೇಕು ಅಂತ ಬಹಳ ಜನ ಕೇಳುತ್ತಾರೆ. ಶಾಟ್ ಹಂಚುವವರಿಗೆ ಬೇಕಾದ ಮಾಹಿತಿಯೇ ಅದು. ಮಾತಾಡುವ ಮುಖದಲ್ಲಿ ತುಟಿ, ಕೆನ್ನೆ, ಗಂಟಲು ಎಲ್ಲ ಒಟ್ಟಿಗೆ ಆಡುತ್ತವೆ, ಅದು ಅನುಭವಿಗಳಿಗೂ ತಲೆನೋವು. ಅದು ಬರುತ್ತೆ ಅಂತ ಬರೆದು, ಟೆಸ್ಟ್‌ನಲ್ಲಿ ಅದೇ ಬಂದರೆ ಆಗ ಏನು ಮಾಡುತ್ತೀರಿ? ಹಾಗಂತ ಕ್ಷಮೆ ಕೇಳುವ ಧಾಟಿಯೂ ಬೇಡ. ಮಾಡಿಲ್ಲ ಅಂದರೆ ಮಾಡಿಲ್ಲ, ಒಂದು ಸಾಲು.

ಬರೆಯಬಾರದ್ದು

ನೀವು ಪೋಸ್ಟರ್ ಕೆಲಸದಲ್ಲಿ ಯಾವುದೋ ನಟರ ಕಣ್ಣ ಕೆಳಗಿನ ಚೀಲ ತೆಗೆದಿರಬಹುದು, ಹೊಟ್ಟೆ ಒಳಗೆ ಹಾಕಿರಬಹುದು. ಅದನ್ನು ಹೆಸರು ಹಿಡಿದು ಬರೆಯಬೇಡಿ, ಬಿಫೋರ್ ಆಫ್ಟರ್ ತೋರಿಸಲೂ ಬೇಡಿ, ಲಿಂಕ್‌ಗೆ ಪಾಸ್‌ವರ್ಡ್ ಇದ್ದರೂ ಬೇಡ. ನಟರ ಮುಖದ ಮೇಲೆ ಮಾಡಿದ ಕೆಲಸ ಗುಟ್ಟಾಗಿರಬೇಕು ಅನ್ನೋದು ಈ ಉದ್ಯಮದ ಕಟ್ಟುನಿಟ್ಟು, ಬ್ಯೂಟಿ ವರ್ಕ್‌ಗೆ ಎನ್‌ಡಿಎ ಸಹಿ ಹಾಕಿಸುವುದು ಸಾಮಾನ್ಯ. ಹಿಂದಿನ ಕೆಲಸದ ಗುಟ್ಟು ಬಿಡುವವರು ನಾಳೆ ನಮ್ಮದನ್ನೂ ಬಿಡುತ್ತಾರೆ ಅಂತ ಓದುವವರು ಯೋಚಿಸುತ್ತಾರೆ, ಅದು ತಪ್ಪೂ ಅಲ್ಲ. "ಪೋಸ್ಟರ್ ರಿಟಚಿಂಗ್ ಮಾಡಿದ್ದೇನೆ, ಒಪ್ಪಂದದ ಕಾರಣ ತೋರಿಸಲಾಗುವುದಿಲ್ಲ" ಅಂತ ಬರೆದರೆ ಅದರಿಂದಲೇ ನಿಮ್ಮ ಬೆಲೆ ಹೆಚ್ಚುತ್ತದೆ.

ಹೆಸರಾಂತ ನಟರ ಮುಖವನ್ನು ಸಿನಿಮಾ ತುಣುಕಿಗೆ ಅಂಟಿಸಿದ ತಮಾಷೆ ವಿಡಿಯೋಗಳೂ ಬೇಡ. ಅದಕ್ಕೆ ಒಪ್ಪಿಗೆ ಇಲ್ಲ, ಜೊತೆಗೆ ಕಂಪ್ರೆಸ್ ಆದ ವಿಡಿಯೋದಲ್ಲಿ ಗ್ರೇನ್, ಅಂಚು ಯಾವುದೂ ಸರಿಯಾಗಿ ಕಾಣುವುದಿಲ್ಲ. ನಿಮ್ಮ ಕೆಲಸ ಅಳೆಯಲು ಅವರಿಗೆ ಏನೂ ಸಿಗುವುದಿಲ್ಲ.

ಸಾಫ್ಟ್‌ವೇರ್ ಪಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್ ಹಾಕುವ ಚಾಳಿ ಒಂದಿದೆ. ದಯವಿಟ್ಟು ಬಿಟ್ಟುಬಿಡಿ.

ಲಿಂಕ್ ಕಳಿಸುವ ಬಗೆ

ನಿಮ್ಮ ಶಾಟ್‌ಗಳನ್ನು ಜೋಡಿಸಿದ ರೀಲ್ ಒಂದು ನಿಮಿಷ ಇದ್ದರೆ ಸಾಕು, ಫೇಸ್ ರಿಪ್ಲೇಸ್‌ಮೆಂಟ್ ಶಾಟ್ ಮೊದಲು ಬರಲಿ. ಮೊದಲು ಮುಗಿದ ಶಾಟ್ ಪೂರ್ತಿ, ಆಮೇಲೆ ಬರಿ ಪ್ಲೇಟ್, ಆಮೇಲೆ ಟ್ರ್ಯಾಕ್, ಮಾಸ್ಕ್, ಬಣ್ಣ, ಗ್ರೇನ್ ಅಂತ ಹಂತ ಹಂತವಾಗಿ ಬ್ರೇಕ್‌ಡೌನ್, ಕೊನೆಗೆ ಮತ್ತೆ ಮುಗಿದ ಶಾಟ್. ಹಾಡು ಬೇಡ, ಹಾಕಿದರೂ ಅವರು ಮ್ಯೂಟ್ ಮಾಡಿಯೇ ನೋಡುವುದು. ಫ್ರೇಮ್ ನಂಬರ್ ಮೂಲೆಯಲ್ಲಿ ಕಾಣುವ ಹಾಗೆ ಇಡಿ, ಆಗ ಪತ್ರದಲ್ಲಿ 60ನೇ ಫ್ರೇಮ್ ಅಂದದ್ದನ್ನು ಅವರು ಅಲ್ಲೇ ನಿಲ್ಲಿಸಿ ನೋಡಬಹುದು. ಡೌನ್‌ಲೋಡ್ ಮಾಡುವ ಅವಕಾಶ ಕೊಡಿ. ಆನ್‌ಲೈನ್ ಪ್ಲೇಯರ್‌ನಲ್ಲಿ ಗ್ರೇನ್ ನುಣ್ಣಗಾಗುತ್ತದೆ, ನೀವು ಪಟ್ಟ ಕಷ್ಟ ಅಲ್ಲೇ ಕರಗಿಹೋಗುತ್ತದೆ. ಫೈಲ್ ಹೆಸರು `final_new_last2.mov` ಅಂತ ಇರಬಾರದು. `FR_010_comp_v03.mov` ಅಂತ ಇಟ್ಟರೆ ಶಾಟ್ ಯಾವುದು, ಎಷ್ಟನೇ ಆವೃತ್ತಿ ಅಂತ ನೋಡಿದ ಕೂಡಲೇ ತಿಳಿಯುತ್ತದೆ, ಸ್ಟುಡಿಯೋದಲ್ಲೂ ಹೆಸರಿಡುವುದು ಹೆಚ್ಚುಕಡಿಮೆ ಹೀಗೇ.

ಮೇಲ್‌ನ ವಿಷಯದ ಸಾಲಿನಲ್ಲಿ ಹುದ್ದೆ, ನಿಮ್ಮ ಹೆಸರು, "ಫೇಸ್ ರಿಪ್ಲೇಸ್‌ಮೆಂಟ್ ಶಾಟ್ ಸಹಿತ" ಅಂತ ಇರಲಿ. ಕಳಿಸುವ ಮುಂಚೆ ಬೇರೆಯವರ ಫೋನ್‌ನಲ್ಲಿ ಲಿಂಕ್ ತೆರೆದು, ಪಾಸ್‌ವರ್ಡ್ ಹಾಕಿ ನೋಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ನೀವು ಲಾಗಿನ್ ಆಗಿರುವುದರಿಂದ ಅದು ಯಾವಾಗಲೂ ತೆರೆಯುತ್ತದೆ.

ಹತ್ತು ದಿನ ಉತ್ತರ ಬರದಿದ್ದರೆ ಒಂದು ಸಲ ಕೇಳಬಹುದು, ಅದಕ್ಕಿಂತ ಜಾಸ್ತಿ ಬೇಡ. ಟೆಸ್ಟ್ ಶಾಟ್ ಬಂದರೆ ಕೆಲಸ ಶುರು ಮಾಡುವ ಮುಂಚೆ ಮೂರು ವಿಷಯ ಕೇಳಿ: ಫ್ರೇಮ್ ರೇಟ್ ಎಷ್ಟು, ಪ್ಲೇಟ್ ಯಾವ ಕಲರ್‌ಸ್ಪೇಸ್‌ನಲ್ಲಿದೆ, ಔಟ್‌ಪುಟ್ ಪ್ರತಿ ಫ್ರೇಮ್‌ಗೂ ಒಂದೊಂದು ಫೈಲ್ ಆಗುವ ಇಎಕ್ಸ್‌ಆರ್ ಬೇಕಾ, ಒಂದೇ ಮೂವಿ ಫೈಲ್ ಬೇಕಾ. ಕ್ಯಾಮೆರಾ ಮಂಕಾದ ಬಣ್ಣದಲ್ಲಿ ದಾಖಲಿಸುವ ಲಾಗ್ ಪ್ಲೇಟ್ ಅನ್ನು ಎಸ್‌ಆರ್‌ಜಿಬಿ ಅಂತ ತಪ್ಪು ತಿಳಿದು ಮುಖದ ಬಣ್ಣ ಹೊಂದಿಸಿದರೆ, ನಿಮ್ಮ ಮಾನಿಟರ್‌ನಲ್ಲಿ ಚೆಂದ ಕಂಡ ಮುಖ ಅವರ ಸ್ಕ್ರೀನ್‌ನಲ್ಲಿ ಬೇರೆಯೇ ಬಣ್ಣದಲ್ಲಿ ಕಾಣುತ್ತದೆ, ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ.